ಸತ್ಯನಾರಾಯಣ ಪೂಜೆಗೆ ಫ್ಯಾಮಿಲಿ ಗ್ರೂಪಲ್ಲಿ ಕೆಲಸ ಹಂಚಿದ್ದು: ನನ್ನ ಅನುಭವ

ಅಪ್ಪ ಅಮ್ಮನ ಮದುವೆ ಆಗಿ 40 ವರ್ಷ ತುಂಬ್ತು ಅಂತ ಮೈಸೂರಿನ ಮನೇಲಿ ಸತ್ಯನಾರಾಯಣ ಪೂಜೆ ಇಟ್ಕೊಂಡಿದ್ವಿ, ಹುಣ್ಣಿಮೆ ಭಾನುವಾರನೇ ಬಂದಿತ್ತು, 60 ಜನ. ದೊಡ್ಡೋರು 50, ಮಕ್ಕಳು 10. ನಾನಿರೋದು ಬೆಂಗಳೂರಲ್ಲಿ, ತಮ್ಮ ಇರೋದು ಹುಬ್ಬಳ್ಳೀಲಿ, ಅಮ್ಮಂಗೆ ಮಂಡಿನೋವು. ಹಾಗಾಗಿ ಕೆಲಸ ಎಲ್ರಿಗೂ ಹಂಚ್ಲೇಬೇಕಿತ್ತು, ಹಂಚೋದು ವಾಟ್ಸಾಪ್ ಗ್ರೂಪಲ್ಲೇ ಆಗ್ಬೇಕಿತ್ತು. ಗ್ರೂಪಲ್ಲಿ 34 ಜನ ಇದಾರೆ.

ಅದಕ್ಕೆ ಎರಡು ವರ್ಷ ಮುಂಚೆ ಇದೇ ಮನೇಲಿ ಇದೇ ಪೂಜೆ ಆದಾಗ ನಾನೇ ಗ್ರೂಪಿಗೆ ಹಾಕಿದ್ದು ಒಂದೇ ಮೆಸೇಜು: "ಎಲ್ರೂ ಸ್ವಲ್ಪ ಬೇಗ ಬನ್ನಿ, ಹೂವು ಹಣ್ಣು ಯಾರಾದ್ರೂ ತನ್ನಿ, ಕೈ ಜೋಡಿಸಿ." ಅಷ್ಟೇ. 20 ಜನ ಕೈ ಮುಗಿಯೋ ಎಮೋಜಿ ಹಾಕಿದ್ರು. ಆವತ್ತು ಬೆಳಗ್ಗೆ ನೋಡಿದ್ರೆ ಮೂರು ಮನೆಯವರು ಬಾಳೆಹಣ್ಣು ತಂದಿದ್ರು, ವೀಳ್ಯದೆಲೆ ಒಬ್ರೂ ತಂದಿರ್ಲಿಲ್ಲ, ಪುರೋಹಿತರು ಬಂದು ಕೂತ ಮೇಲೆ ನಮ್ಮನೆಯವರು ಸ್ಕೂಟರ್ ತಗೊಂಡು ಓಡಿದ್ರು. ಊಟ ಆದ್ಮೇಲೆ ಎಲ್ರೂ ಹೊರಟ್ರು, ಅಮ್ಮ ಮತ್ತೆ ಚಿಕ್ಕಮ್ಮ ರಾತ್ರಿ ಹತ್ತರವರೆಗೂ ಪಾತ್ರೆ ತೊಳೆದ್ರು. ಆ ರಾತ್ರಿ ಅಮ್ಮ ಕಾಲು ನೀವ್ಕೊಂಡು ಕೂತಿದ್ದು ನಂಗೆ ಇವತ್ತಿಗೂ ಕಣ್ಮುಂದೆ ಇದೆ, ಅದಕ್ಕೇ ಈ ಸಲ ಕೂತು ಸರಿಯಾಗಿ ಮಾಡಿದೆ.

ತಪ್ಪು ಎಲ್ಲಾಯ್ತು ಅಂದ್ರೆ "ಯಾರಾದ್ರೂ" ಅನ್ನೋ ಪದದಲ್ಲಿ. ಯಾರಾದ್ರೂ ತನ್ನಿ ಅಂದ್ರೆ ಸುಲಭವಾಗಿ ಸಿಗೋದನ್ನ ಎಲ್ರೂ ತರ್ತಾರೆ, ನೆನಪಿಟ್ಕೊಂಡು ತರ್ಬೇಕಾದ್ದನ್ನ ಯಾರೂ ತರಲ್ಲ. ಅದಕ್ಕೆ ಈ ಸಲ ಒಂದು ಕೆಲಸಕ್ಕೆ ಒಂದೇ ಮನೆ, ಎಷ್ಟು ಬೇಕು ಅಂತ ಲೆಕ್ಕ, ಎಷ್ಟು ಗಂಟೆಗೆ, ತಂದು ಎಲ್ಲಿಡ್ಬೇಕು, ಇಷ್ಟನ್ನೂ ಬರೀಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡೆ.

ಆದ್ರೆ ಮೆಸೇಜ್ ಬರೆಯೋಕ್ಕಿಂತ ಮುಂಚೆ ಫೋನ್. ಇದು ನಮ್ಮ ಕಡೆ ತುಂಬ ಮುಖ್ಯ. ದೊಡ್ಡೋರ ಹೆಸರನ್ನ ಅವರಿಗೆ ಹೇಳದೆ ನೇರ ಗ್ರೂಪಲ್ಲಿ ಹಾಕಿದ್ರೆ ಚಿಕ್ಕೋಳು ನಮಗೆ ಆರ್ಡರ್ ಮಾಡ್ತಾಳೆ ಅನ್ನೋ ಹಾಗೆ ಆಗತ್ತೆ, ಬಾಯಿಬಿಟ್ಟು ಹೇಳ್ದೆ ಇದ್ರೂ ಮನಸಿಗೆ ತಗೋತಾರೆ. ಸೋಮವಾರ ಸಂಜೆ ಐದು ಜನಕ್ಕೆ ಫೋನ್ ಮಾಡಿದೆ. ಅತ್ತೆಗೆ (ಅಪ್ಪನ ತಂಗಿ) "ಅತ್ತೆ, ಸಪಾದ ನಿಮ್ಮ ಕೈಯಲ್ಲೇ ಆಗ್ಬೇಕು, ನೀವು ಒಪ್ಕೊಂಡ್ರೆ ಗ್ರೂಪಲ್ಲಿ ಹಾಕ್ತೀನಿ" ಅಂದೆ. ಅವರು ಆಗ್ಲೇ ತುಪ್ಪ ಎಷ್ಟಿದೆ ಅಂತ ಕೇಳೋಕೆ ಶುರು ಮಾಡಿದ್ರು. ದೊಡ್ಡಪ್ಪಂಗೆ ಹೂವಿನ ಜವಾಬ್ದಾರಿ ಕೇಳಿದೆ, ಅವರು ದಿನಾ ವಾಕಿಂಗ್ ಮುಗಿಸಿ ದೇವರಾಜ ಮಾರ್ಕೆಟ್ ಕಡೆಯಿಂದಾನೇ ಬರ್ತಾರೆ, ಹೂವಿನವರ ಪರಿಚಯಾನೂ ಇದೆ. ಕೆಲಸ ಯಾರ ದಾರೀಲಿದ್ಯೋ ಅವರಿಗೇ ಕೊಡೋದು ಅಂತ ನೋಡ್ದೆ, ಮನೆ ದೂರ ಇರೋರಿಗೆ ಕಾಯಿ, ಅಡಿಕೆ, ಕರ್ಪೂರ ಥರ ಕೆಡದೆ ಇರೋದು, ಹತ್ರ ಇರೋರಿಗೆ ಹೂವು ಹಾಲು ಎಲೆ.

ಮಂಗಳವಾರ ರಾತ್ರಿ ಎಂಟೂವರೆಗೆ ಗ್ರೂಪಿಗೆ ಹಾಕಿದೆ. ಐದು ದಿನ ಮುಂಚೆ ಯಾಕಂದ್ರೆ ಬಾಳೆಹಣ್ಣು ಹಣ್ಣಾಗೋ ಲೆಕ್ಕ, ಹೂವಿಗೆ ಮುಂಗಡ ಹೇಳೋದು, ಇವಕ್ಕೆಲ್ಲ ಟೈಮ್ ಬೇಕು. ಅದಕ್ಕಿಂತ ಮುಂಚೆ ಹಾಕಿದ್ರೆ ಮಧ್ಯೆ ನೂರು ಗುಡ್ ಮಾರ್ನಿಂಗ್ ಬಂದು ಮೆಸೇಜ್ ಮೇಲೆ ಹೋಗ್ಬಿಡತ್ತೆ. ಒಂದೇ ಉದ್ದದ ಮೆಸೇಜ್ ಹಾಕ್ಲಿಲ್ಲ, ಉದ್ದ ಆದ್ರೆ ಅರ್ಧಕ್ಕೆ ಮಡಚ್ಕೊಳ್ಳತ್ತೆ, ದೊಡ್ಡೋರು ಕೆಳಗಡೆ ಒತ್ತಿ ಪೂರ್ತಿ ತೆಗೆಯಲ್ಲ. ಒಂದು ಕೆಲಸಕ್ಕೆ ಒಂದು ಮೆಸೇಜ್, ಹೂವು, ಹಣ್ಣು, ಕೂರೋ ವ್ಯವಸ್ಥೆ, ಅಡುಗೆ, ಕ್ಲೀನಿಂಗ್, ಒಟ್ಟು ಐದು. ಹೀಗೆ ಮಾಡಿದ್ರಿಂದ ಆಯಾ ಮೆಸೇಜಿಗೇ ರಿಪ್ಲೈ ಮಾಡಿ "ಆಯ್ತು" ಅಂತ ಬರೆಯೋಕೆ ಆಯ್ತು, ಯಾರದ್ದು ಬಂದಿಲ್ಲ ಅಂತ ನಂಗೂ ಒಂದೇ ನೋಟಕ್ಕೆ ಗೊತ್ತಾಯ್ತು. ಎಮೋಜಿ ಬೇಡ, "ಆಯ್ತು" ಅಂತ ಟೈಪ್ ಮಾಡಿ ಅಥವಾ ವಾಯ್ಸ್ ಹಾಕಿ ಅಂತ ಕೇಳ್ಕೊಂಡಿದ್ದೆ, ಯಾಕಂದ್ರೆ ಕೈ ಮುಗಿಯೋ ಎಮೋಜಿ ಅಂದ್ರೆ ಓದಿದೆ ಅಂತ ಅರ್ಥಾನೋ ಒಪ್ಪಿದೆ ಅಂತ ಅರ್ಥಾನೋ ಗೊತ್ತಾಗಲ್ಲ.

ಹೂವಿನ ಮೆಸೇಜ್ ಇದು:

"ಹೂವು: ದೊಡ್ಡಪ್ಪ ನೋಡ್ಕೋತಾರೆ. ಕಟ್ಟಿದ ಸೇವಂತಿಗೆ 6 ಮಾರು (ಮುಂಬಾಗಿಲಿಗೆ 2, ದೇವರ ಮನೆ ಬಾಗಿಲಿಗೆ 1, ಮಂಟಪಕ್ಕೆ 2, ಫೋಟೋಗೆ 1). ಮಲ್ಲಿಗೆ 4 ಮಾರು, ಹೆಂಗಸರಿಗೆ ಕೊಡೋಕೆ. ಬಿಡಿ ಹೂವು 1 ಕೆಜಿ ಅರ್ಚನೆಗೆ, ತುಳಸಿ ಒಂದು ದೊಡ್ಡ ಕಟ್ಟು. ಬಾಳೆಕಂದು 4, ಮಾವಿನ ಸೊಪ್ಪು 2 ಕಟ್ಟು. ಬಾಳೆಕಂದು ಮಾವಿನಸೊಪ್ಪು ಶನಿವಾರ ಸಂಜೆ, ಹೂವು ಭಾನುವಾರ ಬೆಳಗ್ಗೆ 7ಕ್ಕೆ. ತಂದು ದೇವರ ಮನೆ ಪಕ್ಕದ ಬೆಂಚಿನ ಮೇಲೆ ಇಟ್ರೆ ಸಾಕು, ತೋರಣ ಕಟ್ಟೋದು ನನ್ನ ತಮ್ಮ."

ಈ 4 ಮಾರು ಮಲ್ಲಿಗೆ ಹೇಗೆ ಬಂತು ಅಂದ್ರೆ, ಹೆಂಗಸರು 28 ಜನ, ತಲೆಗೆ ಅರ್ಧ ಮೊಳ ಅಂದ್ರೆ 14 ಮೊಳ, ಒಂದು ಮಾರಿಗೆ ನಾಲ್ಕು ಮೊಳ, ಮೂರೂವರೆ ಮಾರು. ಅಂಗಡಿಯವರ ಮಾರು ಅವರವರ ಕೈಯುದ್ದ ಆಗಿರೋದ್ರಿಂದ ನಾಲ್ಕು ಹೇಳಿದೆ. ಕಡೇಲಿ ಉಳಿದಿದ್ದು ಒಂದು ಮೊಳ ಅಷ್ಟೇ. ಬಾಗಿಲಿಗೆ ಎಷ್ಟು ಬೇಕು ಅಂತ ಅಂದಾಜಲ್ಲಿ ಹೇಳ್ಬೇಡಿ, ಅಮ್ಮಂಗೆ ಹೇಳಿ ಒಂದು ದಾರ ಹಿಡಿಸಿ ಅಳೆಸಿದ್ದೆ, ಎರಡು ಪಕ್ಕ ಇಳಿಬಿಡೋದೂ ಸೇರಿಸಿ.

ಹೋದ ಸಲ ಹೂವು ಹಿಂದಿನ ರಾತ್ರಿನೇ ತಂದು ಪ್ಲಾಸ್ಟಿಕ್ ಕವರಲ್ಲೇ ಬಿಟ್ಟಿದ್ವಿ, ಬೆಳಗ್ಗೆ ಅಷ್ಟೂ ಮಲ್ಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಕವರ್ ಒಳಗೆ ಬೆವರು ಕಟ್ಟಿದ್ರೆ ಹಾಗೇ ಆಗೋದು. ಬೆಳಗ್ಗೆ ತರೋಕೆ ಆಗಲ್ಲ ಅನ್ನೋರು ಒದ್ದೆ ಮಾಡಿ ಹಿಂಡಿದ ತೆಳು ಹತ್ತಿ ಬಟ್ಟೆ ಇಲ್ಲಾಂದ್ರೆ ಬಾಳೆ ಎಲೇಲಿ ಸುತ್ತಿ ಫ್ರಿಡ್ಜಲ್ಲಿಡಿ, ಮೊಗ್ಗಿದ್ದಾಗಲೇ ತಗೊಳ್ಳಿ. ಮಾವಿನ ಸೊಪ್ಪು ಬಾಳೆಕಂದಿಗೆ ಆ ತೊಂದರೆ ಇಲ್ಲ, ಕಂದನ್ನ ಬಕೆಟ್ ನೀರಲ್ಲಿ ನಿಲ್ಲಿಸಿದ್ರೆ ಬೆಳಗ್ಗೆವರೆಗೂ ನೆಟ್ಟಗಿರತ್ತೆ. ಹುಣ್ಣಿಮೆ ಅಂದ್ಮೇಲೆ ಹೂವಿನ ರೇಟ್ ಏರಿರತ್ತೆ, ದೊಡ್ಡಪ್ಪ ಗುರುವಾರಾನೇ ಹೇಳಿ ಸ್ವಲ್ಪ ಅಡ್ವಾನ್ಸ್ ಕೊಟ್ಟಿದ್ರಿಂದ ನಮಗೆ ಹೂವು ತೆಗೆದಿಟ್ಟಿದ್ರು.

ಹಣ್ಣು ಸೋದರಮಾವನ ಮನೆಗೆ. ಇದ್ರಲ್ಲಿ ಜಾಸ್ತಿ ಜನ ಎಡವೋದು ಬಾಳೆಹಣ್ಣಲ್ಲೇ, ಅದಕ್ಕೆ ಯಾವ ಜಾತಿ ಅಂತಾನೂ ಬರೆದೆ:

"ಹಣ್ಣು, ತಾಂಬೂಲ: ಮಾವ, ನೀವು. ಏಲಕ್ಕಿ ಬಾಳೆ 7 ಡಜನ್, ಶುಕ್ರವಾರ ಅರ್ಧ ಹಸಿರು ಇರೋದು ತಗೊಳ್ಳಿ, ಪಚ್ಚಬಾಳೆ ಬೇಡ. ಸೇಬು, ದಾಳಿಂಬೆ, ಮೂಸಂಬಿ, ಸೀಬೆ ತಲಾ 5. ವೀಳ್ಯದೆಲೆ 100, ಅಡಿಕೆ ಕಾಲು ಕೆಜಿ, ತೆಂಗಿನಕಾಯಿ ತಾಂಬೂಲಕ್ಕೆ 28, ಪೂಜೆಗೆ 5. ಶನಿವಾರ ಸಂಜೆ ಆರರೊಳಗೆ ಸ್ಟೋರ್ ರೂಮಲ್ಲಿ. ಹಣ್ಣನ್ನ ಒಂದರ ಮೇಲೊಂದು ಪೇರಿಸಬೇಡಿ. ತಾಂಬೂಲ ಕವರಿಗೆ ಹಾಕೋದು ಅಕ್ಕ ಮತ್ತೆ ಮಕ್ಕಳು, ಭಾನುವಾರ 9ಕ್ಕೆ."

ಲೆಕ್ಕ ಹೀಗೆ. ತಾಂಬೂಲಕ್ಕೆ ಎರಡೆರಡು ಹಣ್ಣು, 28 ಜನಕ್ಕೆ 56. ನೈವೇದ್ಯಕ್ಕೆ 12. ಮಿಕ್ಕ 16 ಸಪಾದಕ್ಕೆ. ಒಟ್ಟು 84, ಏಳು ಡಜನ್ ಸರಿಹೋಯ್ತು. ವೀಳ್ಯದೆಲೆ ತಾಂಬೂಲಕ್ಕೆ ಎರಡೆರಡು ಅಂದ್ರೆ 56, ಮಿಕ್ಕಿದ್ದು ಪೂಜೆಗೆ ಮತ್ತೆ ಊಟ ಆದ್ಮೇಲೆ ಹಾಕ್ಕೊಳ್ಳೋರಿಗೆ. ಪಚ್ಚಬಾಳೆ ಯಾಕೆ ಬೇಡ ಅಂದ್ರೆ ಅದು ಬೇಗ ಮೆತ್ತಗಾಗತ್ತೆ, ತಾಂಬೂಲದ ಕವರಲ್ಲಿ ತೆಂಗಿನಕಾಯಿ ಪಕ್ಕ ಕೂತ್ರೆ ಮನೆ ಮುಟ್ಟೋ ಹೊತ್ತಿಗೆ ಜಜ್ಜಿಹೋಗಿರತ್ತೆ. ಮಾವ ನಂಜನಗೂಡು ರಸಬಾಳೆ ತರ್ಲಾ ಅಂತ ಆಸೆಯಿಂದ ಕೇಳಿದ್ರು, ದೇವರಿಗೆ ಅಂತ ಒಂದು ಚಿಪ್ಪು ತನ್ನಿ ಮಾವ, 84 ಬೇಡ ಅಂದೆ, ಅದು ಸಿಗೋದೇ ಕಷ್ಟ, ಬೆಲೆನೂ ಜಾಸ್ತಿ.

ಕೂರೋ ವ್ಯವಸ್ಥೆಯನ್ನ ಭಾವನಿಗೆ ಮತ್ತೆ ಇಬ್ಬರು ಹುಡುಗರಿಗೆ ಬಿಟ್ಟೆ. ಇದನ್ನ ಬರೆಯೋಕೆ ಮುಂಚೆ ಅಮ್ಮನ ಹತ್ರ ಹಾಲಿನ ಒಂದು ಫೋಟೋ ತರಿಸ್ಕೊಂಡು ಅದ್ರ ಮೇಲೇ ಗೆರೆ ಎಳೆದು ಕಳಿಸಿದೆ, ಮಂಟಪ ಇಲ್ಲಿ, ಅಪ್ಪ ಅಮ್ಮ ಪೂರ್ವಕ್ಕೆ ಮುಖ ಮಾಡಿ ಮಣೆ ಮೇಲೆ ಇಲ್ಲಿ, ಪುರೋಹಿತರು ಪಕ್ಕದಲ್ಲಿ, ಅವರ ಕೈಗೆಟುಕೋ ಹಾಗೆ ಸಾಮಾನಿನ ತಟ್ಟೆಗಳು. ಫೋಟೋ ಹಾಕಿದ್ದಕ್ಕೆ ಎಷ್ಟು ಅನುಕೂಲ ಆಯ್ತು ಅಂದ್ರೆ ಭಾನುವಾರ ಬೆಳಗ್ಗೆ ಒಬ್ರೂ ಸೋಫಾ ಎಲ್ಲಿಡೋದು ಅಂತ ಕೇಳ್ಲಿಲ್ಲ. ನೆಲಕ್ಕೆ ಜಮಖಾನ, ಕುರ್ಚಿಗಳು ಗೋಡೆ ಪಕ್ಕ ಮಾತ್ರ. ಮಂಡಿನೋವಿನವರು ನಮ್ಮಲ್ಲಿ 14 ಜನ, ಅವರಿಗೆ ಕುರ್ಚಿ ಬೇಕೇ ಬೇಕು, ಆದ್ರೆ ಕುರ್ಚಿ ಮುಂದಿನ ಸಾಲಿಗೆ ಬಂದ್ರೆ ಹಿಂದೆ ನೆಲದ ಮೇಲೆ ಕೂತೋರಿಗೆ ಮಂಟಪಾನೂ ಕಾಣಲ್ಲ ಮಂಗಳಾರತೀನೂ ಕಾಣಲ್ಲ.

ಊಟ ಮಹಡಿ ಮೇಲೆ ಶಾಮಿಯಾನ ಹಾಕಿ ಎರಡು ಪಂಕ್ತಿ, ಪಂಕ್ತಿಗೆ 30. ಒಂದು ಎಲೆಗೆ ಎರಡಡಿ ಬೇಕು, 15 ಎಲೆಯ ಸಾಲು ಅಂದ್ರೆ 30 ಅಡಿ, ನಮ್ಮ ಮಹಡಿ ಉದ್ದ 34, ಅಂತೂ ಹಿಡೀತು. ಎರಡು ಸಾಲಿನ ಮಧ್ಯೆ ಬಡಿಸೋರು ಓಡಾಡೋಕೆ ನಾಲ್ಕಡಿ ಬಿಡ್ಬೇಕು, ಕಮ್ಮಿ ಬಿಟ್ರೆ ಬಡಿಸೋರ ಸೆರಗು ಎಲೆಗೆ ತಾಗತ್ತೆ. ಮೆಟ್ಟಿಲು ಹತ್ತೋಕೆ ಆಗದೆ ಇರೋ ಆರು ಜನಕ್ಕೆ ಕೆಳಗೆ ಊಟದ ಮೇಜಿನ ಮೇಲೇ ಎಲೆ ಹಾಕೋದು, ಮೊದಲ ಪಂಕ್ತಿ ಜೊತೆಗೇ ಅವರಿಗೂ ಬಡಿಸೋದು. ಇದನ್ನ ಮೆಸೇಜಲ್ಲಿ ಅವರ ಹೆಸರು ಹಾಕದೆ "ಕೆಳಗೆ 6 ಎಲೆ" ಅಂತ ಮಾತ್ರ ಬರೆದೆ, ಯಾರು ಅಂತ ಭಾವಂಗೆ ಬೇರೆ ಹೇಳಿದೆ. ನಿಮಗೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ 34 ಜನರ ಮುಂದೆ ಬರೆಸ್ಕೊಳ್ಳೋದು ಯಾರಿಗೂ ಇಷ್ಟ ಆಗಲ್ಲ.

ಅಡುಗೆ. 60 ಜನಕ್ಕೆ ಮನೆ ಹೆಂಗಸರೇ ಮಾಡ್ಬೇಕು ಅಂದ್ರೆ ಅವರು ಪೂಜೇನೂ ನೋಡಲ್ಲ ಕಥೇನೂ ಕೇಳಲ್ಲ, ಹಾಗಾಗಿ ಊಟಕ್ಕೆ ಅಡುಗೆ ಭಟ್ರನ್ನ ಗೊತ್ತು ಮಾಡಿದ್ವಿ, ಒಬ್ಬ ಸಹಾಯಕರ ಜೊತೆ. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಅನ್ನ, ಹುಳಿ, ಸಾರು, ಶಾವಿಗೆ ಪಾಯಸ, ಹೋಳಿಗೆ, ಮಜ್ಜಿಗೆ. ಅಕ್ಕಿ 7 ಕೆಜಿ (ಒಬ್ಬರಿಗೆ ನೂರು ಗ್ರಾಂ ಲೆಕ್ಕದಲ್ಲಿ 6, ಚಿತ್ರಾನ್ನಕ್ಕೆ ಒಂದು ಕೆಜಿ ಮೇಲೆ), ಮೊಸರು 6 ಲೀಟರ್. ಬಾಳೆ ಎಲೆ 75 ಹೇಳಿದ್ವಿ, 15 ಜಾಸ್ತಿ, ಯಾಕಂದ್ರೆ ಹರಿದಿರೋದು ಇದ್ದೇ ಇರತ್ತೆ. ಭಟ್ರು ಬಂದ್ರೂ ಮನೆಯವರ ಕೆಲಸ ಉಳಿಯತ್ತೆ ಅನ್ನೋದನ್ನ ಜನ ಮರೀತಾರೆ. ದಿನಸಿ ತಂದಿಡೋದು, ಎರಡು ಸಿಲಿಂಡರ್, 20 ಲೀಟರ್ ನೀರಿನ ಕ್ಯಾನ್ ನಾಲ್ಕು, ಹಿಂದಿನ ರಾತ್ರಿ ತರಕಾರಿ ಹೆಚ್ಚೋದು, ಬಡಿಸೋಕೆ ನಾಲ್ಕು ಜನ. ಇದೆಲ್ಲ ಒಬ್ಬೊಬ್ರ ಹೆಸರಲ್ಲಿ ಹಾಕಿದೆ. ಬಡಿಸೋ ನಾಲ್ವರು ಎರಡನೇ ಪಂಕ್ತೀಲಿ ಕೂರ್ತಾರೆ, ಆಗ ಮೊದಲ ಪಂಕ್ತೀಲಿ ಉಂಡ ನಾಲ್ವರು ಬಡಿಸ್ತಾರೆ ಅಂತಾನೂ ಬರೆದೆ, ಇಲ್ಲದಿದ್ರೆ ಬಡಿಸಿದೋರಿಗೆ ಕಡೇಲಿ ತಣ್ಣಗಾದ ಅನ್ನ.

ಸಪಾದ ಮಾತ್ರ ಅತ್ತೆ, ಮಡಿಯಲ್ಲಿ. ಸಪಾದ ಅಂದ್ರೆ ಒಂದೂಕಾಲು, ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಐದೂ ಒಂದೂಕಾಲು ಅಳತೆ. ನಮ್ಮಲ್ಲಿ ಸೇರಿನ ಲೆಕ್ಕ, ಅಳೆಯೋ ಪಾತ್ರೆ ಐದಕ್ಕೂ ಅದೇ ಇರ್ಬೇಕು, ಒಂದನ್ನ ಸೇರಲ್ಲಿ ಇನ್ನೊಂದನ್ನ ಕಪ್ಪಲ್ಲಿ ಅಳೆದ್ರೆ ಅದು ಸಪಾದ ಆಗಲ್ಲ. ಬಾಳೆಹಣ್ಣನ್ನೂ ಹೆಚ್ಚಿ ಅದೇ ಪಾತ್ರೆಗೇ ತುಂಬೋದು. ಪಂಚಾಮೃತದ್ದು ಹಾಲು ಮೊಸರು ತುಪ್ಪ ಜೇನು ಸಕ್ಕರೆ ಬೇರೆ ತೆಗೆದಿಡಿ ಅಂತ ಒಂದು ಸಾಲು ಸೇರಿಸಿದೆ, ಯಾಕಂದ್ರೆ ಹೋದ ಸಲ ಪಂಚಾಮೃತಕ್ಕೆ ಇಟ್ಟಿದ್ದ ಹಾಲನ್ನ ಯಾರೋ ಕಾಫಿಗೆ ಕಾಯಿಸಿಬಿಟ್ಟಿದ್ರು.

ಇಲ್ಲಿ ಒಂದು ಸೂಕ್ಷ್ಮ ವಿಷಯ. ಮಡಿ ಕೆಲಸಕ್ಕೆ ಹೆಸರು ಹಾಕಿದ್ಮೇಲೆ ಯಾರಿಗಾದ್ರೂ ಆ ದಿನ ಮುಟ್ಟಾಗ್ಬೋದು, ಯಾರಿಗಾದ್ರೂ ಸೂತಕ ಬರ್ಬೋದು. ನಮ್ಮ ಮನೇಲಿ ದೊಡ್ಡೋರು ಇದನ್ನ ನೋಡ್ತಾರೆ. ಆ ಹೆಣ್ಮಗಳು ಗ್ರೂಪಲ್ಲಿ ಕಾರಣ ಬರೀಬೇಕು ಅಂದ್ರೆ ಎಷ್ಟು ಸಂಕಟ! ಅದಕ್ಕೆ ಐದೂ ಮೆಸೇಜಿನ ಕೆಳಗೆ ಒಂದೇ ಸಾಲು ಹಾಕಿದೆ: "ಯಾರಿಗಾದ್ರೂ ಕೆಲಸ ಬದಲಾಯಿಸ್ಬೇಕು ಅನ್ಸಿದ್ರೆ ನಂಗೆ ಒಬ್ಬಳಿಗೇ ಮೆಸೇಜ್ ಮಾಡಿ, ಕಾರಣ ಹೇಳೋದೇನೂ ಬೇಡ." ಶುಕ್ರವಾರ ರಾತ್ರಿ ಒಬ್ರು "ಬದಲಾಯಿಸು" ಅಂತ ಒಂದೇ ಪದ ಕಳಿಸಿದ್ರು. ಅತ್ತೆಗೆ ಸಹಾಯಕ್ಕೆ ಅಂತ ಮೊದಲೇ ಇನ್ನೊಬ್ಬರನ್ನ ಮನಸಲ್ಲಿ ಇಟ್ಕೊಂಡಿದ್ದೆ, ಫೋನ್ ಮಾಡಿ ಒಪ್ಪಿಸಿ ಆ ಮೆಸೇಜನ್ನ ಹೊಸದಾಗಿ ಹಾಕಿದೆ. ಯಾರೂ ಯಾಕೆ ಅಂತ ಕೇಳ್ಲಿಲ್ಲ. ಆಕೆಗೆ ಬಂದೋರ ಚಪ್ಪಲಿ, ಗಾಡಿ ನಿಲ್ಲಿಸೋದು, ಮಕ್ಕಳನ್ನ ನೋಡ್ಕೊಳ್ಳೋದು, ಹೊರಗಿನ ಜವಾಬ್ದಾರಿ ಕೊಟ್ಟೆ, ಸಂತೋಷವಾಗಿ ಮಾಡಿದ್ರು.

ಇನ್ನು ಕ್ಲೀನಿಂಗ್. ಇದನ್ನ ನಾನು ಹೆಚ್ಚು ಹೊತ್ತು ಕೂತು ಬರೆದೆ. ಅಡುಗೆ ಬಡಿಸೋದ್ರಲ್ಲಿ ಇಲ್ಲದೆ ಇದ್ದ ಗಂಡುಮಕ್ಕಳ ಹೆಸರೇ ಹಾಕ್ಬೇಕು ಅಂತ ತಮ್ಮನ ಜೊತೆ ಮೊದಲೇ ಮಾತಾಡ್ಕೊಂಡಿದ್ದೆ, ಅವನೇ "ಅಕ್ಕ, ಮೊದಲನೇ ಹೆಸರು ನಂದು ಹಾಕು" ಅಂದ. ಹಾಗಾಗಿ ಮಿಕ್ಕ ಹುಡುಗರು ಏನೂ ಅನ್ಲಿಲ್ಲ.

"ಊಟ ಆದ್ಮೇಲೆ: ತಮ್ಮ, ದೊಡ್ಡಪ್ಪನ ಇಬ್ಬರು ಮಕ್ಕಳು, ಚಿಕ್ಕಮ್ಮನ ಮಗ. ಮೊದಲ ಪಂಕ್ತಿ ಏಳುತ್ತಿದ್ದ ಹಾಗೆ ಶುರು, ಎರಡೂ ಮುಗೀಲಿ ಅಂತ ಕಾಯ್ಬೇಡಿ. ಎಲೆ ಒಂದು ಚೀಲ, ನೀರಿನ ಲೋಟ ಪ್ಲಾಸ್ಟಿಕ್ ಇನ್ನೊಂದು ಚೀಲ, ಬೆರೆಸ್ಬೇಡಿ. ಬಾಡಿಗೆ ಪಾತ್ರೆ ಕುರ್ಚಿ ಎಣಿಸಿ ಸಂಜೆ 6ರೊಳಗೆ ವಾಪಸ್. ಮನೆ ಪಾತ್ರೆ ಹಿತ್ತಲಲ್ಲಿ, ತೊಳೆಯೋಕೆ ಒಬ್ಬರು ಬರ್ತಾರೆ, 3 ಗಂಟೆಗೆ ಹೇಳಿದೀನಿ. ಮಂಟಪ, ಕಳಸ, ರಂಗೋಲಿ ಯಾರೂ ಮುಟ್ಟಬೇಡಿ, ಗುಡಿಸ್ಬೇಡಿ. ಅಮ್ಮ, ಅತ್ತೆ, ಚಿಕ್ಕಮ್ಮ ಊಟ ಆದ್ಮೇಲೆ ಅಡುಗೆಮನೆಗೆ ಬರೋ ಹಾಗಿಲ್ಲ."

ಮೊದಲ ಪಂಕ್ತಿ ಆದ ಕೂಡ್ಲೇ ಶುರು ಅನ್ನೋದಕ್ಕೆ ಕಾರಣ ಇದೆ. ಎರಡನೇ ಪಂಕ್ತಿಗೆ ಕೂರೋರು ಅದೇ ಜಾಗದಲ್ಲಿ ಕೂರ್ಬೇಕು, ಎಲೆ ಎತ್ತಿ ನೆಲ ಒರೆಸಿ ಹೊಸ ಎಲೆ ಹಾಕೋಕೆ ನಮಗೆ 12 ನಿಮಿಷ ಆಯ್ತು. ಹುಡುಗರು ಇಲ್ಲದೆ ಇದ್ದಿದ್ರೆ ಬಡಿಸೋರೇ ಬಡಿಸೋ ಪಾತ್ರೆ ಬಿಟ್ಟು ನೆಲ ಒರೆಸಬೇಕಾಗ್ತಿತ್ತು. ಪಾತ್ರೆ ವಾಪಸ್ ಕೊಡೋ ಟೈಮ್ ಬರೀದಿದ್ರೆ ಇನ್ನೊಂದು ದಿನದ ಬಾಡಿಗೆ ಬೀಳತ್ತೆ. ತರುವಾಗ ಎಣಿಸಿದ ಚೀಟಿ ಫೋಟೋ ತೆಗೆದು ಅದೇ ಮೆಸೇಜಿಗೆ ರಿಪ್ಲೈ ಮಾಡಿ ಹಾಕಿದ್ದ ತಮ್ಮ, ಸಂಜೆ ಎರಡು ಸೌಟು ಕಮ್ಮಿ ಬಂದಾಗ ಅದನ್ನ ನೋಡಿ ಹುಡುಕಿದ್ರು, ಮಜ್ಜಿಗೆ ಪಾತ್ರೆ ತಳದಲ್ಲಿತ್ತು.

ಮಂಟಪ ಮುಟ್ಟಬೇಡಿ ಅಂತ ಬರೆದಿದ್ದು ಹಳೇ ಅನುಭವದಿಂದ. ಹೋದ ಸಲ ಒಬ್ಬ ಹುಡುಗ ಪಾಪ ಸಹಾಯ ಮಾಡೋಣ ಅಂತ ವಿಸರ್ಜನೆಗೆ ಮುಂಚೇನೇ ರಂಗೋಲಿ ಗುಡಿಸಿ ಹೂವೆಲ್ಲ ಕಸದ ಚೀಲಕ್ಕೆ ಹಾಕ್ಬಿಟ್ಟಿದ್ದ, ಅಪ್ಪ ಮಾತಾಡ್ಲಿಲ್ಲ ಆದ್ರೆ ಮುಖ ಸಣ್ಣ ಆಗಿತ್ತು. ಆ ಹುಡುಗನ ತಪ್ಪಲ್ಲ, ಅವನಿಗೆ ಯಾರೂ ಹೇಳಿರ್ಲಿಲ್ಲ. ಈ ಸಲ ಸೋಮವಾರ ಬೆಳಗ್ಗೆ ಅಪ್ಪನೇ ಪುನಃ ಪೂಜೆ ಮಾಡಿ ಕಳಸ ಕದಲಿಸಿದ್ರು, ಕಳಸದ ನೀರು ತುಳಸಿ ಬುಡಕ್ಕೆ, ನಿರ್ಮಾಲ್ಯದ ಹೂವು ದಾರ ಬಿಡಿಸಿ ಹಿತ್ತಲ ಗೊಬ್ಬರದ ಗುಂಡಿಗೆ. ಬಾಳೆಕಂದು ಪಕ್ಕದ ಬೀದಿಯ ಹಸುಗಳಿಗೆ, ಕಟ್ಟಿದ್ದ ಪ್ಲಾಸ್ಟಿಕ್ ದಾರ ಪೂರ್ತಿ ಕತ್ತರಿಸಿ ತೆಗೆದ ಮೇಲೆ.

ಎಲ್ಲಾ ಸರಿಹೋಯ್ತಾ ಅಂದ್ರೆ ಇಲ್ಲ. ಒಬ್ಬ ಚಿಕ್ಕಪ್ಪನ ಮನೆಗೆ ಯಾವ ಕೆಲಸಾನೂ ಕೊಟ್ಟಿರ್ಲಿಲ್ಲ, ಅವರಿಗೆ ಹುಷಾರಿರ್ಲಿಲ್ಲ, ತೊಂದರೆ ಕೊಡೋದು ಬೇಡ ಅಂತ. ಅವರು ಬಂದು "ನಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ವಲ್ಲಮ್ಮ" ಅಂದ್ರು. ನಂಗೆ ತುಂಬ ಬೇಜಾರಾಯ್ತು, ಅವರ ಕಾಲಿಗೆ ನಮಸ್ಕಾರ ಮಾಡಿ ಮಂಗಳಾರತಿ ಆದ್ಮೇಲೆ ಪ್ರಸಾದ ಹಂಚೋದು ನೀವೇ ಮಾಡ್ಬೇಕು ಚಿಕ್ಕಪ್ಪ ಅಂದೆ, ಕುರ್ಚೀಲಿ ಕೂತು ಎಲ್ರ ಕೈಗೂ ಅವರೇ ಹಾಕಿದ್ರು. ಕೂತು ಮಾಡೋ ಕೆಲಸ ಒಂದನ್ನ ಮೊದಲೇ ಅವರ ಹೆಸರಲ್ಲಿ ಬರೀಬೇಕಿತ್ತು, ಅಕ್ಷತೆ ಕೊಡೋದೋ ತಾಂಬೂಲ ಎಣಿಸೋದೋ ಏನಾದ್ರೂ. ಇನ್ನೊಂದು, ನೀರಿನ ಕ್ಯಾನು ನಾಲ್ಕು ಸಾಲ್ಲಿಲ್ಲ, ಬಿಸಿಲು ಜೋರಿತ್ತು, ಎರಡನೇ ಪಂಕ್ತಿ ಮಧ್ಯೆ ಇನ್ನೆರಡು ತರಿಸಿದ್ವಿ, 60 ಜನಕ್ಕೆ ಆರು ಅಂತಾನೇ ಇಟ್ಕೊಳ್ಳಿ.

ಆವತ್ತು ಸಂಜೆ ಏಳಕ್ಕೆ ಅಡುಗೆಮನೆ ಒಣಗಿತ್ತು. ಅಮ್ಮ ಹಾಲಲ್ಲಿ ಕೂತು ಅತ್ತೆ ಜೊತೆ ಹಳೇ ಮದುವೆ ಆಲ್ಬಂ ನೋಡ್ತಿದ್ರು. ಸೋಮವಾರ ಬೆಳಗ್ಗೆ ಗ್ರೂಪಿಗೆ ಆರನೇ ಮೆಸೇಜ್ ಹಾಕಿದೆ, ಯಾರ್ಯಾರು ಎಷ್ಟು ಖರ್ಚು ಮಾಡಿದೀರಿ ನಂಗೆ ಕಳಿಸಿ, ಇವತ್ತೇ ಹಾಕ್ತೀನಿ, ಇಲ್ಲಿ ಉಳಿದಿರೋದು ಒಂದು ಸ್ಟೀಲ್ ಡಬ್ಬಿ, ಒಂದು ಹಸಿರು ಛತ್ರಿ, ಮಗುವಿನ ಒಂದು ಕಾಲ್ಗೆಜ್ಜೆ, ಫೋಟೋ ಕೆಳಗಿದೆ. ಕಾಲ್ಗೆಜ್ಜೆ ತುಮಕೂರಿನ ಅಕ್ಕನ ಮಗಳದ್ದಂತೆ, ಮುಂದಿನ ಶನಿವಾರ ಬಂದು ತಗೊಂಡು ಹೋದ್ರು.